3,500ಕ್ಕೆ ಬಿಡಬೇಕೋ, 9,000 ಇಡಬೇಕೋ? ಒಂದು ಸ್ಟಾರ್ಟರ್ ಡಬ್ಬಿಯ ಬೆಲೆಯ ಲೆಕ್ಕ

"ಸರ್, ತುಮಕೂರಿನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಬೋರ್‌ವೆಲ್ ಮೋಟಾರನ್ನು ಮೊಬೈಲ್‌ನಿಂದ ಆನ್ ಆಫ್ ಮಾಡೋ ಡಬ್ಬಿ ಮಾಡಿದ್ದೀವಿ. ನೀರು ಕಡಿಮೆಯಾದ್ರೆ ತಾನೇ ನಿಲ್ಲಿಸುತ್ತೆ, ಬೋರಲ್ಲಿ ನೀರು ತುಂಬಿಕೊಂಡ ಮೇಲೆ ತಾನೇ ಶುರು ಮಾಡುತ್ತೆ. ಆಂಪ್ಸ್ ಸೆಟ್ಟಿಂಗ್ ಯಾರೂ ಮಾಡಬೇಕಿಲ್ಲ, ಡಬ್ಬಿಯೇ ಕಲಿತುಕೊಳ್ಳುತ್ತೆ. ಎರಡು ಬೇಸಿಗೆಯಿಂದ 30 ರೈತರ ತೋಟದಲ್ಲಿದೆ. ಸಾಮಾನಿನ ಖರ್ಚು ಒಂದಕ್ಕೆ 2,600 ರೂಪಾಯಿ. ಬಾಡಿಗೆ, ಇಬ್ಬರು ಹುಡುಗರ ಸಂಬಳ ಸೇರಿ ತಿಂಗಳಿಗೆ 32,000. ತಿಂಗಳಿಗೆ 40 ಡಬ್ಬಿ ಮಾಡಬಹುದು. ಮಾಮೂಲಿ ಮೊಬೈಲ್ ಸ್ಟಾರ್ಟರ್ ನಮ್ಮ ಕಡೆ 4,000ಕ್ಕೆ ಸಿಗುತ್ತೆ. ಮೋಟಾರ್ ಅಂಗಡಿಯವರು '3,500ಕ್ಕೆ ಬಿಡಿ, ಮೊದಲು ಮಾರ್ಕೆಟ್ ಹಿಡೀರಿ, ಆಮೇಲೆ ಏರಿಸಿ' ಅಂತಾರೆ. ಬೆಂಗಳೂರಲ್ಲಿರೋ ಭಾವಮೈದ '9,000 ಇಡು, ಹೊಸದು ಅಂದ್ರೆ ಕೊಡೋರು ಕೊಟ್ಟೇ ಕೊಡ್ತಾರೆ' ಅಂತಾನೆ. ಮೋಟಾರ್ ಸುಟ್ಟರೆ ಎತ್ತಿಸಿ, ರೀವೈಂಡ್ ಮಾಡಿಸಿ, ಮತ್ತೆ ಇಳಿಸೋಕೆ 18,000 ಆಗುತ್ತೆ. ಮೂರು ವರ್ಷಕ್ಕೊಮ್ಮೆಯಾದರೂ ಸುಡುತ್ತಿತ್ತು ಅಂತಾರೆ ರೈತರು. ಅದರ ಅರ್ಧ ಕೇಳಿದರೆ ತಪ್ಪೇನು ಅಂತ ನನಗೂ ಅನ್ನಿಸುತ್ತೆ. ಯಾವುದು ಸರಿ?"

ಮೊದಲು ಅಂಗಡಿಯವರ 3,500 ನೋಡೋಣ. ಒಂದು ಚೀಟಿ, ಪೆನ್ನು ಹಿಡಿದುಕೊಂಡು ಕೂತರೆ ಐದು ನಿಮಿಷದ ಕೆಲಸ.

ರೈತ ಕೊಡುವ 3,500ರಲ್ಲಿ 18% ಜಿಎಸ್‌ಟಿ ಸೇರಿದೆ. ಅಂಗಡಿ, ಕಂಪನಿಗಳಾದರೆ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ರೈತನಿಗೆ ಆ ದಾರಿಯಿಲ್ಲ, ಅವನ ಪಾಲಿಗೆ ತೆರಿಗೆಯೂ ಬೆಲೆಯೇ. ಆದ್ದರಿಂದ ಅವನು ಕೊಡುವ ದುಡ್ಡಿನಿಂದಲೇ ಲೆಕ್ಕ ಹಿಂದಕ್ಕೆ ಬರಬೇಕು. 3,500ನ್ನು 1.18ರಿಂದ ಭಾಗಿಸಿದರೆ 2,966. ಅಂಗಡಿಯವರ ಕಮಿಷನ್ 20% ಎಂದುಕೊಂಡರೆ 593 ಹೋಯಿತು. ನಿಮ್ಮ ಕೈಗೆ ಬಂದದ್ದು 2,373. ಸಾಮಾನಿಗೇ 2,600 ಹಾಕಿದ್ದೀರಿ. ಬಾಡಿಗೆ, ಸಂಬಳದ ಮಾತು ಬರುವ ಮೊದಲೇ ಪ್ರತಿ ಡಬ್ಬಿಗೆ 227 ರೂಪಾಯಿ ಕೈಬಿಟ್ಟಿತು. ನಿಮ್ಮ ಪತ್ರದಲ್ಲಿ ಇಲ್ಲದ ಇನ್ನೊಂದು ಖರ್ಚೂ ಇದೆ. "ಸರ್, ಫೋನಿಗೆ ಸಿಗ್ತಿಲ್ಲ" ಎಂದು ಕರೆ ಬರುತ್ತದೆ, ಹುಡುಗ ಗಾಡಿ ಹತ್ತಿ ಹೋದರೆ ಸಿಮ್ ರೀಚಾರ್ಜ್ ಮುಗಿದಿರುತ್ತದೆ. ಈ ಓಡಾಟ, ವಾರಂಟಿಯಲ್ಲಿ ಬದಲಿಸಿ ಕೊಟ್ಟದ್ದು ಎಲ್ಲ ಸೇರಿಸಿ ಡಬ್ಬಿಗೆ 400 ರೂಪಾಯಿಯಾದರೂ ಎತ್ತಿಡಿ. ಹೊಸ ಎಲೆಕ್ಟ್ರಾನಿಕ್ ಸಾಮಾನಿಗೆ ಮೊದಲ ವರ್ಷ ಅಷ್ಟು ಬೇಕೇ ಬೇಕು.

"ಹೆಚ್ಚು ಮಾಡಿದರೆ ಖರ್ಚು ಇಳಿಯುತ್ತಲ್ಲ" ಎಂದು ಅಂಗಡಿಯವರು ಹೇಳಿರಬೇಕು. ಇಳಿಯುತ್ತದೆ, ಆದರೆ ಎಷ್ಟು? ಸರ್ಕ್ಯೂಟ್ ಬೋರ್ಡು, ಮೋಡೆಮ್, ರಿಲೇ, ಡಬ್ಬಿ ಇವನ್ನು ಸಾವಿರದ ಲೆಕ್ಕದಲ್ಲಿ ತರಿಸಿದರೆ ಖರ್ಚು 2,150ಕ್ಕೆ ಬಂತು ಎಂದಿಟ್ಟುಕೊಳ್ಳಿ. 2,373ರಲ್ಲಿ 2,150 ಮತ್ತು 400 ಕಳೆದರೆ ಆಗಲೂ 177 ನಷ್ಟವೇ. ಜೊತೆಗೆ ಸಾವಿರ ಡಬ್ಬಿಯ ಸಾಮಾನಿಗೆ ಇಪ್ಪತ್ತೊಂದೂವರೆ ಲಕ್ಷ ಮೊದಲೇ ಸುರಿದಿರುತ್ತೀರಿ. ತಿಂಗಳಿಗೆ 40ರಂತೆ ಅದನ್ನು ಮುಗಿಸಲು ಎರಡು ವರ್ಷ ದಾಟುತ್ತದೆ.

ಅಗ್ಗಕ್ಕೆ ಬಿಟ್ಟು ಮಾರುಕಟ್ಟೆಗೆ ನುಗ್ಗುವುದಕ್ಕೆ ಪೆನೆಟ್ರೇಶನ್ ಪ್ರೈಸಿಂಗ್ ಎನ್ನುತ್ತಾರೆ. ಅದು ಕೆಟ್ಟ ದಾರಿಯೇನಲ್ಲ, ಆದರೆ ಎಲ್ಲ ಸಾಮಾನಿಗೂ ಆಗಿಬರುವುದಿಲ್ಲ. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ನಿರ್ಮಾ ಪುಡಿಯನ್ನು ಸೈಕಲ್ ಮೇಲಿಟ್ಟು ಮನೆಮನೆಗೆ ಮಾರುವಾಗ ಕಿಲೋಗೆ ಸುಮಾರು ಮೂರು ರೂಪಾಯಿ ಇಟ್ಟರು. ಆಗ ದೊಡ್ಡ ಕಂಪನಿಯ ಪುಡಿ ಅದರ ನಾಲ್ಕು ಪಟ್ಟು ಇತ್ತು. ಆದರೂ ಅವರು ನಷ್ಟಕ್ಕೆ ಮಾರುತ್ತಿರಲಿಲ್ಲ. ಮನೆಯ ಹಿತ್ತಲಲ್ಲಿ ಕೈಯಲ್ಲೇ ಕಲಸಿದ ಪುಡಿಯಾದ್ದರಿಂದ ತಯಾರಿಕೆಯ ಖರ್ಚೇ ಕಡಿಮೆಯಿತ್ತು. ಇನ್ನೊಂದು ವಿಷಯ, ಪುಡಿ ತಿಂಗಳಿಗೊಮ್ಮೆ ಖಾಲಿಯಾಗುತ್ತದೆ. ಒಮ್ಮೆ ಮನೆ ಹೊಕ್ಕರೆ ಮತ್ತೆ ಮತ್ತೆ ಮಾರಬಹುದು.

ಜಿಯೋ ಕಥೆ ನಿಮಗೆ ಗೊತ್ತೇ ಇದೆ. 2016ರ ಸೆಪ್ಟೆಂಬರ್ 5ರಂದು ಶುರುವಾಗಿ 2017ರ ಮಾರ್ಚ್ ಕೊನೆಯವರೆಗೆ ಪುಕ್ಕಟೆ. ಟವರು, ಫೈಬರು ಆಗಲೇ ಹಾಕಿಯಾಗಿತ್ತು, ಒಬ್ಬ ಗಿರಾಕಿ ಹೆಚ್ಚಾದರೆ ಹೆಚ್ಚುವರಿ ಖರ್ಚು ಇಲ್ಲವೆನ್ನುವಷ್ಟು ಸಣ್ಣದು. ನಷ್ಟ ತಡೆಯಲು ಹಿಂದೆ ದೊಡ್ಡ ಮನೆಯ ಗಂಟು ಇತ್ತು. ಗಿರಾಕಿ ಪ್ರತಿ ತಿಂಗಳು ರೀಚಾರ್ಜ್ ಮಾಡಲೇಬೇಕಿತ್ತು. ಆದ್ದರಿಂದಲೇ 2019, 2021, 2024ರಲ್ಲಿ ದರ ಏರಿಸಲು ಸಾಧ್ಯವಾಯಿತು. ಇದೇ ದಾರಿ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ಏರ್ ಡೆಕ್ಕನ್. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನ ಹಾರಿಸಿದರು, ಮುಂದೆ ಒಂದು ರೂಪಾಯಿಗೂ ಟಿಕೆಟ್ ಕೊಟ್ಟರು. ಹೇಗೂ ಖಾಲಿ ಹಾರುವ ಸೀಟನ್ನು ಅಗ್ಗಕ್ಕೆ ಕೊಡುವುದರಲ್ಲಿ ಅರ್ಥವಿದೆ. ಆದರೆ ಇಂಧನ, ವಿಮಾನದ ಬಾಡಿಗೆ ಗಿರಾಕಿ ಹೆಚ್ಚಾದರೆ ಇಳಿಯುವಂಥವಲ್ಲ, ಎದುರಾಳಿಗಳೂ ದರ ಇಳಿಸಿದರು. ಲಕ್ಷಾಂತರ ಜನ ಮೊದಲ ಸಲ ವಿಮಾನ ಹತ್ತಿದರೂ ಕಂಪನಿ ಲಾಭಕ್ಕೆ ಬರಲಿಲ್ಲ. 2007ರಲ್ಲಿ ಕಿಂಗ್‌ಫಿಶರ್ ಒಡೆಯರಿಗೆ ಪಾಲು ಮಾರಬೇಕಾಯಿತು.

ಈಗ ನಿಮ್ಮ ಡಬ್ಬಿಗೆ ಬನ್ನಿ. ರೈತ ಇದನ್ನು ಒಮ್ಮೆ ಕೊಂಡರೆ ನಾಲ್ಕೈದು ವರ್ಷ ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. "ಆಮೇಲೆ ಏರಿಸಿ" ಎಂದರಲ್ಲ, ಆ ಆಮೇಲೆ ಯಾರ ಮೇಲೆ ಏರಿಸುತ್ತೀರಿ? ನಷ್ಟದಲ್ಲಿ ಕೊಟ್ಟ ಗಿರಾಕಿಯಿಂದ ಅದನ್ನು ವಸೂಲು ಮಾಡುವ ಎರಡನೇ ವ್ಯಾಪಾರವೇ ಇಲ್ಲಿಲ್ಲ. ಹೊಸ ಗಿರಾಕಿಯ ಮೇಲೆ ಏರಿಸಲು ಹೋದರೆ ಅವನು ಪಕ್ಕದ ತೋಟದವನನ್ನು "ನಿಂದು ಎಷ್ಟಕ್ಕೆ ಬಂತು?" ಎಂದು ಕೇಳಿಕೊಂಡೇ ಬಂದಿರುತ್ತಾನೆ.

ಇದು ನಾನೇ ಪೆಟ್ಟು ತಿಂದು ಕಲಿತದ್ದು. ವರ್ಷಗಳ ಹಿಂದೆ ಡ್ರಿಪ್ ಫಿಲ್ಟರ್ ಮಾಡುವ ಒಂದು ಸಣ್ಣ ಘಟಕಕ್ಕೆ "ಮೊದಲ ಬೇಸಿಗೆ ಅಗ್ಗಕ್ಕೆ ಬಿಡೋಣ" ಎಂದು ಸಲಹೆ ಕೊಟ್ಟವನು ನಾನೇ. ಚೆನ್ನಾಗಿಯೇ ಹೋಯಿತು. ಎರಡನೇ ಬೇಸಿಗೆ 30% ಏರಿಸಿದೆವು. ಡೀಲರುಗಳು ಹಳೇ ದರದಲ್ಲಿ ತುಂಬಿಟ್ಟುಕೊಂಡಿದ್ದ ಮಾಲನ್ನೇ ಆರು ತಿಂಗಳು ಮಾರಿದರು, ಹೊಸದು ಯಾರೂ ಎತ್ತಲಿಲ್ಲ. ರೈತರ ಬಾಯಲ್ಲಿ ಅದು "ಅಗ್ಗದ ಫಿಲ್ಟರು" ಎಂದೇ ಉಳಿಯಿತು. ಕೊನೆಗೆ ಆ ಮಾಲೀಕರು ಬೇರೆ ಬಣ್ಣ, ಬೇರೆ ಹೆಸರು ಕೊಟ್ಟು ಮತ್ತೆ ಶುರು ಮಾಡಬೇಕಾಯಿತು. ಅವರು ನನ್ನ ಮೇಲೆ ಸಿಟ್ಟಾಗದಿದ್ದುದು ಅವರ ದೊಡ್ಡತನ.

ಅಂಗಡಿಯವರ ಮಾತಿನ ಬಗ್ಗೆ ಇನ್ನೊಂದು ವಿಷಯ, ಕೆಟ್ಟದಾಗಿ ತಿಳಿಯಬೇಡಿ. ಸ್ಟಾರ್ಟರ್ ಮಾರುವ ಅಂಗಡಿಗಳಲ್ಲಿ ಬಹಳಷ್ಟು ವೈಂಡಿಂಗ್ ಅಂಗಡಿಗಳೇ. ಮೋಟಾರ್ ಸುಡದಂತೆ ಕಾಯುವ ಡಬ್ಬಿ ಅವರ ಮುಖ್ಯ ಸಂಪಾದನೆಯನ್ನೇ ಸ್ವಲ್ಪ ತಿನ್ನುತ್ತದೆ. ನಿಮ್ಮ ಡಬ್ಬಿ ಮಾಮೂಲಿಗಿಂತ ಹೇಗೆ ಬೇರೆ ಎಂದು ನಿಂತು ವಿವರಿಸುವ ಉತ್ಸಾಹ ಅವರಿಗೆ ಎಲ್ಲಿಂದ ಬರಬೇಕು? ವಿವರಿಸದೆ ಮಾರಬೇಕಾದರೆ ಉಳಿಯುವ ದಾರಿ ಬೆಲೆ ಇಳಿಸುವುದೊಂದೇ. ಅವರು ಹೇಳಿದ 3,500 ನಿಮ್ಮ ಡಬ್ಬಿಯ ಬೆಲೆಯಲ್ಲ, ಅವರು ಬಾಯಿ ತೆರೆಯದೆ ಮಾರಬಹುದಾದ ಬೆಲೆ. ಡ್ರಿಪ್ ಹಾಕಿಕೊಡುವವರು, ಅಡಿಕೆ ತೋಟಕ್ಕೆ ಗೊಬ್ಬರ ಕೊಡುವ ಅಂಗಡಿಗಳು, ರೈತ ಉತ್ಪಾದಕರ ಸಂಘಗಳು ಇವರಿಗೆ ಮೋಟಾರ್ ಸುಡುವುದರಲ್ಲಿ ಲಾಭವಿಲ್ಲ. ಅವರ ಹತ್ತಿರವೂ ಹೋಗಿ ನೋಡಿ.

ಇನ್ನು ಭಾವಮೈದನವರ 9,000. ಅವರನ್ನು ತಳ್ಳಿಹಾಕುವಂತಿಲ್ಲ, ಲೆಕ್ಕ ಅವರ ಪರವಾಗಿಯೇ ಇದೆ. 9,000ದಲ್ಲಿ ತೆರಿಗೆ, ಕಮಿಷನ್ ಕಳೆದರೆ 6,102, ಸಾಮಾನು ಮತ್ತು ಓಡಾಟದ 3,000 ತೆಗೆದರೆ 3,102. ತಿಂಗಳಿಗೆ ಬರೀ ಹನ್ನೊಂದು ಡಬ್ಬಿ ಹೋದರೆ ನಿಮ್ಮ 32,000 ಹುಟ್ಟಿತು. ಹಾಲಿನ ಮೇಲಿನ ಕೆನೆಯನ್ನು ಮೊದಲು ತೆಗೆದುಕೊಂಡು, ಆಮೇಲೆ ಬೆಲೆ ಇಳಿಸುತ್ತಾ ಉಳಿದವರಿಗೆ ಮಾರುವ ಈ ಪದ್ಧತಿಗೆ ಸ್ಕಿಮ್ಮಿಂಗ್ ಎನ್ನುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ಡೀನ್ 1950ರಲ್ಲಿ ಹೊಸ ಸಾಮಾನುಗಳಿಗೆ ಇವೆರಡು ದಾರಿಗಳನ್ನು ಎದುರುಬದುರು ಇಟ್ಟು ಬರೆದ ಮೇಲೆ ಈ ಹೆಸರುಗಳು ಚಾಲ್ತಿಗೆ ಬಂದವು.

ಕೆನೆ ತೆಗೆಯಲು ಎರಡು ವಿಷಯ ಬೇಕು. ಎಷ್ಟಾದರೂ ಕೊಟ್ಟು ಈಗಲೇ ಬೇಕು ಎನ್ನುವ ಒಂದಿಷ್ಟು ಜನ ಇರಬೇಕು. ಮತ್ತು ಅವರು ಮುಗಿಯುವವರೆಗೆ ನಕಲು ಬರಬಾರದು. 1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಗಿಂಬೆಲ್ಸ್ ಅಂಗಡಿಯಲ್ಲಿ ರೆನಾಲ್ಡ್ಸ್ ಬಾಲ್‌ಪೆನ್ 12.50 ಡಾಲರಿಗೆ ಮಾರಾಟಕ್ಕೆ ಬಂದಾಗ ಜನ ಮುಗಿಬಿದ್ದರು. ಅದನ್ನು ಮಾಡಲು ಒಂದು ಡಾಲರೂ ತಗಲುತ್ತಿರಲಿಲ್ಲ. ಆದರೆ ಪೆನ್ನು ಬಿಚ್ಚಿ ನೋಡಿದವರೆಲ್ಲ ಮಾಡಬಹುದಾದ ಸಾಮಾನು ಅದು. ಕೆಲವೇ ವರ್ಷಗಳಲ್ಲಿ ಬಾಲ್‌ಪೆನ್ ಚಿಲ್ಲರೆ ಕಾಸಿಗೆ ಇಳಿಯಿತು. ಆ ಪೆನ್ನು ತಂದ ಮಿಲ್ಟನ್ ರೆನಾಲ್ಡ್ಸ್ ತಪ್ಪು ಮಾಡಿದ ಎಂದು ನಾನು ಹೇಳುವುದಿಲ್ಲ. ಕಿಟಕಿ ಚಿಕ್ಕದೆಂದು ಅವನಿಗೆ ಗೊತ್ತಿತ್ತು, ತೆರೆದಿರುವಷ್ಟು ಹೊತ್ತು ದುಡಿದ.

ನಿಮ್ಮ ಕಿಟಕಿ ಎಷ್ಟು ದೊಡ್ಡದು? ನಿಮ್ಮ ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಒಯ್ದರೆ ಯಾವ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಒಂದು ಮಧ್ಯಾಹ್ನದಲ್ಲಿ ಪಟ್ಟಿ ಮಾಡಬಹುದು. ಬೆಲೆಬಾಳುವುದು ಒಳಗಿನ ಪ್ರೋಗ್ರಾಂ, ಬೋರಿನ ಸ್ವಭಾವ ಕಲಿಯುವ ಆ ಭಾಗ. ಚಿಪ್‌ನಿಂದ ಅದನ್ನು ಓದಲಾಗದಂತೆ ಲಾಕ್ ಬಿಟ್ ಹಾಕಿದ್ದೀರಾ? ಹಾಕದಿದ್ದರೆ ಈ ಉತ್ತರ ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿ. ಹಾಕಿದ್ದರೂ ಒಳ್ಳೆಯ ಎಂಜಿನಿಯರ್ ಒಬ್ಬ ಅದೇ ಕೆಲಸವನ್ನು ತನ್ನದೇ ರೀತಿಯಲ್ಲಿ ಬರೆಯಲು ಒಂದೆರಡು ಬೇಸಿಗೆ ಸಾಕು. ಅಂದರೆ 9,000ದ ಆಟ ಹೆಚ್ಚೆಂದರೆ ಒಂದೆರಡು ಬೇಸಿಗೆಯದು.

ಆ ಬೇಸಿಗೆಯ ಆಟಕ್ಕೂ ಹಳ್ಳಿಯಲ್ಲಿ ಬೇರೆಯದೇ ದಂಡವಿದೆ. ಮೊದಲ ಐಫೋನ್ 2007ರ ಜೂನ್ 29ರಂದು 599 ಡಾಲರಿಗೆ ಬಂದು, ಸೆಪ್ಟೆಂಬರ್ 5ಕ್ಕೆ 399 ಆಯಿತು. ಮೊದಲು ಕೊಂಡವರು ಎಷ್ಟು ಕೂಗಾಡಿದರೆಂದರೆ ಸ್ಟೀವ್ ಜಾಬ್ಸ್ ಕ್ಷಮೆ ಕೇಳಿ ಅವರಿಗೆ 100 ಡಾಲರಿನ ಕ್ರೆಡಿಟ್ ಕೊಟ್ಟರು. ಆ ಗಿರಾಕಿಗಳು ಪರಸ್ಪರ ಮುಖ ನೋಡದವರು. ನಿಮ್ಮವರು ಒಂದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಎಳೆದುಕೊಂಡವರು. ಸಂಕ್ರಾಂತಿಗೆ 9,000 ಕೊಟ್ಟವನು ಯುಗಾದಿಗೆ ಪಕ್ಕದವನಿಗೆ 6,000ಕ್ಕೆ ಬಂತೆಂದು ಕೇಳಿದರೆ, ನಿಮ್ಮ ಡಬ್ಬಿಯನ್ನು ಹೊಗಳುವ ಬಾಯಿ ಮುಚ್ಚಿಹೋಗುತ್ತದೆ. ನಿಮ್ಮಂಥ ಸಾಮಾನಿಗೆ ಆ ಬಾಯೇ ಜಾಹೀರಾತು.

ಈಗ ನೀವೇ ಕೇಳಿದ ಪ್ರಶ್ನೆಗೆ ಬರುತ್ತೇನೆ. 18,000 ಉಳಿಸುವ ಡಬ್ಬಿಗೆ ಅದರ ಅರ್ಧ ಕೇಳುವುದು ತಪ್ಪೇ? ಗಿರಾಕಿಗೆ ಆಗುವ ಲಾಭದಿಂದ ಬೆಲೆ ಕಟ್ಟುವ ಈ ಯೋಚನೆ ಸರಿಯಾದದ್ದೇ, ಮೂರನೆಯ ದಾರಿ ಎಂದರೆ ಇದೇ, ವ್ಯಾಲ್ಯೂ ಬೇಸ್ಡ್ ಪ್ರೈಸಿಂಗ್. ಆದರೆ ನಿಮ್ಮ ಲೆಕ್ಕದಲ್ಲಿ ಎರಡು ಕಡೆ ಜಾರಿದ್ದೀರಿ. ಒಂದು, ಮೋಟಾರ್ ದಿನಾ ಸುಡುವುದಿಲ್ಲ. ಎರಡು, ರೈತ ನಿಮ್ಮ ಡಬ್ಬಿಯನ್ನು ಹೋಲಿಸುವುದು ಸುಟ್ಟ ಮೋಟಾರಿನ ಜೊತೆ ಅಲ್ಲ, ಅಂಗಡಿಯಲ್ಲಿ ಪಕ್ಕದಲ್ಲೇ ಕೂತಿರುವ 4,000ದ ಡಬ್ಬಿಯ ಜೊತೆ. ನೀವು ಬೆಲೆ ಕೇಳಬಹುದಾದದ್ದು ಅದಕ್ಕಿಂತ ನೀವು ಹೆಚ್ಚು ಏನು ಮಾಡುತ್ತೀರೋ ಅಷ್ಟಕ್ಕೆ ಮಾತ್ರ.

ಹಾಗಾಗಿ 4,000ದಿಂದ ಶುರು ಮಾಡೋಣ. ಮೂರು ವರ್ಷಕ್ಕೊಮ್ಮೆ 18,000 ಎಂದರೆ ವರ್ಷಕ್ಕೆ 6,000ದ ಹೊರೆ. ಇದೆಲ್ಲ ನೀರಿಲ್ಲದೆ ಓಡಿ ಸುಟ್ಟದ್ದಲ್ಲ. ಒಂದು ಫೇಸ್ ಹೋಗಿ ಸುಡುತ್ತದೆ, ವೋಲ್ಟೇಜ್ ಕಡಿಮೆಯಾಗಿ ಸುಡುತ್ತದೆ, ಕೇಬಲ್ ಜಾಯಿಂಟಿಗೆ ನೀರು ಇಳಿದು ಹೋಗುತ್ತದೆ, ಮರಳು ಕಚ್ಚಿ ಜಾಮ್ ಆಗುತ್ತದೆ. ನೀರಿಲ್ಲದೆ ಓಡಿದ್ದರ ಪಾಲು ಅರ್ಧ ಎಂದು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ, ವರ್ಷಕ್ಕೆ 3,000. ಮಾಮೂಲಿ ಡಬ್ಬಿಯಲ್ಲೂ ನೀರಿಲ್ಲದಾಗ ನಿಲ್ಲಿಸುವ ಡ್ರೈ ರನ್ ಸೆಟ್ಟಿಂಗ್ ಇದ್ದೇ ಇದೆ. ಎಲೆಕ್ಟ್ರಿಷಿಯನ್ ಒಮ್ಮೆ ತಿರುಗಿಸಿಟ್ಟು ಹೋಗುತ್ತಾನೆ, ಮಾರ್ಚ್ ಬರುವಷ್ಟರಲ್ಲಿ ನೀರಿನ ಮಟ್ಟ ಇಳಿದು ಮೋಟಾರು ಎಳೆಯುವ ಆಂಪ್ಸೂ ಬದಲಾಗಿರುತ್ತದೆ, ಸೆಟ್ಟಿಂಗ್ ಹಾಗೇ ಇರುತ್ತದೆ. ಕೆಲವು ತೋಟದಲ್ಲಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡಿಟ್ಟಿರುವುದನ್ನೂ ನೋಡಿದ್ದೇನೆ. ಹಾಗಿದ್ದೂ ಅದು ಅರ್ಧವನ್ನಾದರೂ ತಡೆಯುತ್ತದೆ ಎನ್ನೋಣ. ನಿಮ್ಮ ಡಬ್ಬಿಯ ಹೆಚ್ಚುಗಾರಿಕೆ ವರ್ಷಕ್ಕೆ 1,500. ರೈತ ಇಂಥ ಸಾಮಾನಿಗೆ ಮೂರು ವರ್ಷದಾಚೆ ಲೆಕ್ಕ ಹಾಕುವುದಿಲ್ಲ, ಆದ್ದರಿಂದ 4,500. ಇದರಿಂದ ಒಂದನ್ನು ಕಳೆಯಬೇಕು. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ಕೆಟ್ಟರೆ ಪಾವಗಡದಲ್ಲಿ ರಿಪೇರಿ ಮಾಡುವವರಿಲ್ಲ. ಆ ಅಳುಕಿಗೆ 1,000 ತೆಗೆಯಿರಿ. 4,000ಕ್ಕೆ 4,500 ಕೂಡಿ 1,000 ಕಳೆದರೆ 7,500. ಇದು ರೈತನ ಕಣ್ಣಿನಲ್ಲಿ ನಿಮ್ಮ ಡಬ್ಬಿ ಬಾಳುವ ಬೆಲೆ. ಇಷ್ಟನ್ನೂ ನೀವೇ ಕೇಳಿದರೆ ಅವನು ಬದಲಾಯಿಸಲು ಕಾರಣವೇ ಇಲ್ಲ, ಹೆಚ್ಚುಗಾರಿಕೆಯಲ್ಲಿ ಸುಮಾರು ಅರ್ಧವನ್ನು ಅವನಿಗೆ ಬಿಡಬೇಕು. ಹೀಗೆ ನೋಡಿದರೆ ತೆರಿಗೆ ಸೇರಿ 5,900ರ ಹತ್ತಿರ ಬರುತ್ತದೆ.

5,900ರಲ್ಲಿ ತೆರಿಗೆ ಕಳೆದರೆ ಸರಿಯಾಗಿ 5,000. ಕಮಿಷನ್ 1,000, ಸಾಮಾನು 2,600, ಓಡಾಟ 400, ಉಳಿದದ್ದು 1,000. ನಲವತ್ತನ್ನೂ ಮಾರಿದರೆ 40,000, ಅದರಲ್ಲಿ 32,000 ಹೋಗಿ 8,000. ನಿಮ್ಮ ಮನೆ ನಡೆಯುವುದಿಲ್ಲ. ಇದನ್ನು ಮುಚ್ಚಿಟ್ಟು "ವ್ಯಾಲ್ಯೂ ಪ್ರೈಸಿಂಗ್ ಮಾಡಿ" ಎಂದು ಕಳಿಸಿದರೆ ಅದು ಅರ್ಧ ಸಲಹೆ.

ಮುಂದಿನ ಅರ್ಧ ಆ ಲೆಕ್ಕದ ಒಳಗೇ ಇದೆ. ಮೂರು ವರ್ಷಕ್ಕೊಮ್ಮೆ ಎಂಬ ಸಂಖ್ಯೆಯನ್ನು ಅಲುಗಾಡಿಸಿ ನೋಡಿ. ನೀರು ಚೆನ್ನಾಗಿರುವ, ಐದು ವರ್ಷಕ್ಕೊಮ್ಮೆ ಸುಡುವ ಬೋರ್ ಆದರೆ ಅದೇ ಲೆಕ್ಕದಲ್ಲಿ ಡಬ್ಬಿಯ ಬೆಲೆ 5,700ಕ್ಕೆ ಇಳಿಯುತ್ತದೆ, 5,900 ಅವನಿಗೆ ದುಬಾರಿ. ಅವನು 4,000ದ್ದನ್ನೇ ಕೊಳ್ಳಲಿ, ಅವನ ಹಿಂದೆ ಬೀಳಬೇಡಿ. ಇಪ್ಪತ್ತು ನಿಮಿಷ ಎತ್ತಿ ಒಂದು ಗಂಟೆ ಕಾಯಿಸುವ, ವರ್ಷಕ್ಕೊಮ್ಮೆ ಮೋಟಾರ್ ಎತ್ತಿಸುವ ಬೋರ್ ಆದರೆ? ವರ್ಷಕ್ಕೆ 18,000, ಅದರ ಅರ್ಧ 9,000, ಅದರ ಅರ್ಧ 4,500, ಮೂರು ವರ್ಷಕ್ಕೆ 13,500. ಡಬ್ಬಿ ಬಾಳುವುದು 16,500. ಒಂದೇ ಡಬ್ಬಿ, ಎರಡು ತೋಟದಲ್ಲಿ ಮೂರು ಪಟ್ಟು ಅಂತರ. ನೀವು ಬೆಲೆಯನ್ನು ಹುಡುಕುತ್ತಿದ್ದೀರಿ, ನಿಜವಾಗಿ ಹುಡುಕಬೇಕಾದದ್ದು ಈ ಎರಡನೇ ತೋಟವನ್ನು. ತೋಟ ಊರಲ್ಲಿ, ಸಂಸಾರ ಬೆಂಗಳೂರಲ್ಲಿ ಇರುವವರನ್ನೂ ಇದೇ ಗುಂಪಿಗೆ ಸೇರಿಸಿ. ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬಂತು, ಮೋಟಾರ್ ಎಷ್ಟು ಹೊತ್ತು ಓಡಿತು ಎಂದು ತಿಳಿಯಲು ಅವರು ದಿನಾ ಯಾರಿಗೋ ಫೋನ್ ಮಾಡುತ್ತಿರುತ್ತಾರೆ.

ಮುಖ ನೋಡಿ ಬೆಲೆ ಹೇಳಿದರೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಎರಡು ಮಾಡೆಲ್ ಮಾಡಿ. ಸಾದಾ ಡಬ್ಬಿ 5,900. ಇನ್ನೊಂದರಲ್ಲಿ ದಿನದ ಓಟ, ನೀರು ತುಂಬಲು ಹಿಡಿದ ಸಮಯ, ನಿಲ್ಲಿಸಿದ ಕಾರಣ ಎಲ್ಲ ದಾಖಲಾಗಿ ಫೋನಿಗೆ ಕನ್ನಡದಲ್ಲಿ ಮೆಸೇಜ್ ಬರಲಿ, ಜೊತೆಗೆ ಒಂದು ಭರವಸೆ: ವರ್ಷದೊಳಗೆ ನೀರಿಲ್ಲದೆ ಓಡಿ ಮೋಟಾರ್ ಸುಟ್ಟರೆ 8,000 ರೂಪಾಯಿವರೆಗೆ ರೀವೈಂಡಿಂಗ್ ಖರ್ಚು ನಿಮ್ಮದು. ಇದಕ್ಕೆ ತೆರಿಗೆ ಸೇರಿ 8,260. ಯಾರಿಗೆ ಯಾವುದು ಬೇಕೋ ಅವರೇ ಆರಿಸಿಕೊಳ್ಳುತ್ತಾರೆ, ಯಾರೂ ಮೋಸ ಹೋದೆ ಎನ್ನುವಂತಿಲ್ಲ.

ಭರವಸೆ ಕೊಡುವಾಗ ಒಂದು ಎಚ್ಚರ. ನಿಮ್ಮ 30 ತೋಟದ ಸರಾಸರಿ ಹಿಡಿದು ಅದರ ಖರ್ಚು ಹಾಕಬೇಡಿ. ಭರವಸೆ ನೋಡಿ ಬರುವವರು ಹೆಚ್ಚಾಗಿ ಮೋಟಾರ್ ಪದೇ ಪದೇ ಸುಡುವವರೇ. ಇಪ್ಪತ್ತರಲ್ಲಿ ಒಂದಕ್ಕೆ ದುಡ್ಡು ಕೊಡಬೇಕಾದೀತು ಎಂದುಕೊಂಡು ಡಬ್ಬಿಗೆ 400 ಎತ್ತಿಡಿ. ಕೇಬಲ್ ಜಾಯಿಂಟು, ಮರಳು, ಬೈಪಾಸ್ ಇವಕ್ಕೆ ಭರವಸೆ ಇಲ್ಲವೆಂದು ಬಿಲ್ಲಿನಲ್ಲೇ ಬರೆಯಿರಿ. ಜಗಳ ಬಂದರೆ ಡಬ್ಬಿಯಲ್ಲಿ ದಾಖಲಾದ ಆಂಪ್ಸ್ ತೀರ್ಪು ಹೇಳುತ್ತದೆ. ನೀರಿಲ್ಲದೆ ಓಡಿದರೆ ಆಂಪ್ಸ್ ಮೊದಲು ಇಳಿದಿರುತ್ತದೆ, ಜಾಮ್ ಆಗಿದ್ದರೆ ಏರಿರುತ್ತದೆ.

ಈ ಮಾಡೆಲಿನ ಲೆಕ್ಕ ಹೀಗಿದೆ. ತೆರಿಗೆ ಬಿಟ್ಟು 7,000, ಕಮಿಷನ್ 1,400, ಸಾಮಾನು 200 ಹೆಚ್ಚಾಗಿ 2,800, ಓಡಾಟ 400, ಭರವಸೆ 400. ಉಳಿದದ್ದು 2,000. ತಿಂಗಳಿಗೆ ಇಂಥವು ಹತ್ತು, ಸಾದಾ ಇಪ್ಪತ್ತೈದು ಹೋದರೆ 45,000 ಬರುತ್ತದೆ, 32,000 ಕಳೆದು 13,000. ನಲವತ್ತು ಸಾದಾ ಮಾರಿ ಬಂದದ್ದು 8,000 ಇತ್ತು, ಇಲ್ಲಿ ಮೂವತ್ತೈದಕ್ಕೇ ಅದಕ್ಕಿಂತ ಹೆಚ್ಚು. ದೊಡ್ಡ ಮಾಡೆಲ್ ಇಪ್ಪತ್ತು ಮುಟ್ಟಿದ ತಿಂಗಳು ನೀವೂ ಸಂಬಳ ತೆಗೆದುಕೊಳ್ಳಬಹುದು. ಆದರೆ ಈ ಲಾಭ ಬೇಸಿಗೆಯದು. ಮಳೆ ಹಿಡಿದರೆ ಜನ ಮೋಟಾರನ್ನೇ ಮರೆಯುತ್ತಾರೆ, ಬಾಡಿಗೆ ಮಾತ್ರ ಮರೆಯುವುದಿಲ್ಲ. ಜನವರಿಯಿಂದ ಮೇವರೆಗೆ ದುಡಿದದ್ದರಲ್ಲಿ ಉಳಿದ ತಿಂಗಳು ನಡೆಯಬೇಕು. ಮಳೆಗಾಲದಲ್ಲಿ ಹೋಗುತ್ತಿಲ್ಲವೆಂದು ಬೆಲೆ ಇಳಿಸಬೇಡಿ, ಆಗ ಇಳಿಸಿದರೂ ಹೋಗುವುದಿಲ್ಲ.

ನನ್ನ ಸಂಖ್ಯೆಗಳನ್ನು ಹಾಗೇ ನಂಬಬೇಡಿ, ಅದರಲ್ಲಿ ಎರಡು ಅರ್ಧಗಳು ನನ್ನ ಅಂದಾಜು. ನಿಮ್ಮ 30 ರೈತರ ಹತ್ತಿರ ಹೋಗಿ ಐದು ವರ್ಷದಲ್ಲಿ ಎಷ್ಟು ಸಲ ಎತ್ತಿಸಿದಿರಿ, ವೈಂಡಿಂಗ್‌ನವನು ಏನು ಕಾರಣ ಹೇಳಿದ, ಆಗ ಯಾವ ಸ್ಟಾರ್ಟರ್ ಇತ್ತು ಎಂದು ಕೇಳಿ ಬರೆದುಕೊಳ್ಳಿ. "ಈ ಡಬ್ಬಿಗೆ ಎಷ್ಟು ಕೊಡ್ತೀರಿ?" ಎಂದು ಮಾತ್ರ ಕೇಳಬೇಡಿ. ಎರಡು ವರ್ಷದಿಂದ ಇಟ್ಟುಕೊಂಡವರು ನಿಮ್ಮ ಮುಲಾಜಿಗೆ ಹೆಚ್ಚು ಹೇಳುತ್ತಾರೆ, ಹೊಸಬರು ಚೌಕಾಸಿಗೆ ಕಡಿಮೆ ಹೇಳುತ್ತಾರೆ. ಆಮೇಲೆ ಗುಬ್ಬಿಯಲ್ಲಿ ಒಂದು ಅಂಗಡಿ, ಶಿರಾದಲ್ಲಿ ಒಂದು ಅಂಗಡಿ ಹಿಡಿದು ಎರಡೂ ಮಾಡೆಲ್ ಇಡಿ. ಒಂದು ತಿಂಗಳು ನೀವೇ ವಾರಕ್ಕೊಂದು ದಿನ ಅಲ್ಲಿ ಕೂತು, ಕೊಳ್ಳದೆ ಹೋದವರು ಏನು ಹೇಳಿ ಹೋದರು ಎಂದು ಬರೆಯಿರಿ. "ಇನ್ನೊಂದು 4,000ಕ್ಕೆ ಸಿಗುತ್ತೆ" ಎಂದರೆ ವ್ಯತ್ಯಾಸ ಅವರಿಗೆ ತಲುಪಿಲ್ಲ, ಅದು ಬೆಲೆಯ ದೋಷವಲ್ಲ. "ನೀವು ನಾಳೆ ಇರ್ತೀರಾ?" ಎಂದರೆ ಆ 1,000ದ ಅಳುಕು, ಭರವಸೆಯಿಂದ ತೀರುವಂಥದ್ದು. "ನಮ್ಮ ಬೋರಲ್ಲಿ ನೀರು ಚೆನ್ನಾಗಿದೆ" ಎಂದವರು ನಿಮ್ಮ ಗಿರಾಕಿಯಲ್ಲ. ಹತ್ತರಲ್ಲಿ ಒಂಬತ್ತು ಜನ ಚೌಕಾಸಿ ಮಾಡದೆ ದುಡ್ಡು ಎಣಿಸಿಕೊಟ್ಟರೆ ನೀವು ಕಡಿಮೆ ಇಟ್ಟಿದ್ದೀರಿ.

ಡಬ್ಬಿಯ ಮೇಲೆ ಎಂಆರ್‌ಪಿ 10,000 ಎಂದು ಅಚ್ಚು ಹಾಕಿಸಿ "ನಿಮಗಾಗಿ 5,900" ಎನ್ನುವ ಆಸೆ ಬರಬಹುದು, ಈ ಧಂದೆಯಲ್ಲಿ ಅದು ರೂಢಿ. ಬೇಡ. ರೈತನಿಗೆ ಆ ಆಟ ಚೆನ್ನಾಗಿ ಗೊತ್ತು, ಅವನು ಅಚ್ಚಾದ ಬೆಲೆಯ ಅರ್ಧದಿಂದಲೇ ಚೌಕಾಸಿ ಶುರು ಮಾಡುತ್ತಾನೆ.

ನಕಲು ಬಂದ ದಿನ ಏನು ಮಾಡಬೇಕೆಂದು ಈಗಲೇ ಬರೆದಿಟ್ಟುಕೊಳ್ಳಿ, ಆಗ ಗಾಬರಿಯಲ್ಲಿ ಯೋಚನೆ ಬರುವುದಿಲ್ಲ. ತಾನೇ ಕಲಿಯುವ ಡಬ್ಬಿ ಇನ್ನೊಬ್ಬರದು 5,000ಕ್ಕೆ ಬಂದರೆ ನಿಮ್ಮ ಹೋಲಿಕೆಯ ಬೆಲೆ 4,000 ಅಲ್ಲ, 5,000, ಆದರೆ ಹೆಚ್ಚುಗಾರಿಕೆ ಬಹುಪಾಲು ಮಾಯ. ಆಗ ಸಾದಾ ಮಾಡೆಲನ್ನು ಇಳಿಸಲೇಬೇಕು. ಎಲ್ಲಿಯವರೆಗೆ ಇಳಿಸಬಹುದು? ಸಾಮಾನು 2,600, ಓಡಾಟ 400, ಎರಡೂ ಸೇರಿ 3,000. ಕಮಿಷನ್, ತೆರಿಗೆ ಕೂಡಿಸಿಕೊಂಡರೆ 4,425. ಅದರ ಕೆಳಗೆ ಮಾರಿದ ಪ್ರತಿ ಡಬ್ಬಿಗೂ ನೀವೇ ಕೈಯಿಂದ ಕೊಡುತ್ತೀರಿ. ಆ ಹೊತ್ತಿಗೆ ಸಾಮಾನಿನ ಖರ್ಚನ್ನು 2,150ಕ್ಕೆ ತಂದುಕೊಂಡಿದ್ದರೆ ಈ ಗೆರೆ 3,761ಕ್ಕೆ ಇಳಿದಿರುತ್ತದೆ. ದೊಡ್ಡ ಮಾಡೆಲಿನ ಬೆಲೆಯನ್ನು ಆಗಲೂ ಮುಟ್ಟಬೇಡಿ. ಎರಡು ಬೇಸಿಗೆಯ ದಾಖಲೆ ಇಟ್ಟುಕೊಂಡು "ಸುಟ್ಟರೆ ನಾನು ಕೊಡ್ತೀನಿ" ಎನ್ನುವ ಧೈರ್ಯ ನಕಲು ಮಾಡಿದವನಿಗೆ ಮೊದಲ ವರ್ಷ ಇರುವುದಿಲ್ಲ.